ಇಬ್ನ್ ಹಿಶಾಮ್ ಓದಬೇಕಾ, ವಾಕಿದಿ ಓದಬೇಕಾ? ಪ್ರವಾದಿಯವರ ಮೊದಲ ಜೀವನಚರಿತ್ರೆಗಳನ್ನು ಆರಿಸಿಕೊಳ್ಳುವ ಬಗೆ

ಪ್ರವಾದಿ ಮುಹಮ್ಮದರ ಬಗ್ಗೆ ಈಚಿನವರು ಬರೆದ ಪುಸ್ತಕಗಳನ್ನು ಓದಿದವರಿಗೆ ಒಂದಲ್ಲ ಒಂದು ದಿನ ಮೂಲಕ್ಕೇ ಹೋಗೋಣ ಅನಿಸುತ್ತೆ. ಆಗ ಐದು ಹೆಸರು ಎದುರಿಗೆ ಬಂದು ನಿಲ್ಲುತ್ತವೆ: ಇಬ್ನ್ ಹಿಶಾಮ್, ವಾಕಿದಿ, ಇಬ್ನ್ ಸಅದ್, ತಬರಿ, ಮಅಮರ್ ಬಿನ್ ರಾಶಿದ್. ಐವರದ್ದೂ ಇಂಗ್ಲಿಷಿನಲ್ಲಿ ಪೂರ್ತಿಯೋ ಭಾಗಶಃವೋ ಸಿಗುತ್ತೆ. ಎಲ್ಲಾ ಓದಲು ಟೈಮ್ ಯಾರಿಗೂ ಇಲ್ಲ. ಹಾಗಾಗಿ ಯಾವುದನ್ನು ಹಿಡಿಯಬೇಕು, ಹಿಡಿದ ಮೇಲೆ ಎಷ್ಟು ನಂಬಬೇಕು ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಇದು ನಂಬಬಹುದಾದ ಪುಸ್ತಕ, ಅದು ನಂಬಬಾರದ ಪುಸ್ತಕ" ಅಂತ ಇತಿಹಾಸಕಾರರು ಗೆರೆ ಎಳೆಯುವುದಿಲ್ಲ. ಈ ಪುಸ್ತಕಗಳೆಲ್ಲ ಸಾವಿರಾರು ಸಣ್ಣ ಸಣ್ಣ ವರದಿಗಳ ಜೋಡಣೆ. ಒಂದೇ ಪುಟದಲ್ಲಿ ತುಂಬಾ ಗಟ್ಟಿಯಾದ ವರದಿಯೂ ಇರಬಹುದು, ತೀರಾ ಸಡಿಲವಾದದ್ದೂ ಇರಬಹುದು. ತೂಕ ಹಾಕಬೇಕಾದದ್ದು ಒಂದೊಂದು ವರದಿಯನ್ನು. ಹಾಗಂತ ಪುಸ್ತಕದ ಆಯ್ಕೆ ಮುಖ್ಯವಲ್ಲ ಅಂತಲ್ಲ. ತೂಕ ಹಾಕಲು ಬೇಕಾದ ಸಾಮಾನು ಕೆಲವು ಪುಸ್ತಕಗಳಲ್ಲಿ ಜಾಸ್ತಿ ಸಿಗುತ್ತೆ, ಕೆಲವುಗಳಲ್ಲಿ ಕಮ್ಮಿ.

ಯಾರು ಯಾವಾಗ ಬರೆದರು

ಪ್ರವಾದಿಯವರು ತೀರಿಕೊಂಡಿದ್ದು 632ರಲ್ಲಿ. ಅವರ ಬದುಕಿನ ಕಥೆಗಳನ್ನು ವ್ಯವಸ್ಥಿತವಾಗಿ ಕಲೆಹಾಕಿದ ಮೊದಲಿಗರಲ್ಲಿ ದೊಡ್ಡ ಹೆಸರು ಮದೀನಾದ ಉರ್ವಾ ಬಿನ್ ಝುಬೈರ್ ಅವರದು. ಪ್ರವಾದಿಯವರ ಪತ್ನಿ ಆಯಿಶಾ ಅವರ ಅಕ್ಕನ ಮಗ ಇವರು. ಸುಮಾರು 712ರಲ್ಲಿ ತೀರಿಕೊಂಡರು. ಅವರ ಶಿಷ್ಯ ಝುಹ್ರಿ, ಮರಣ 742. ಝುಹ್ರಿಯ ಶಿಷ್ಯರಲ್ಲಿ ಇಬ್ಬರು ನಮಗೆ ಮುಖ್ಯ: ಇಬ್ನ್ ಇಸ್ಹಾಕ್ (ಮರಣ 767) ಮತ್ತು ಮಅಮರ್ (ಮರಣ 770). ಉರ್ವಾ ಮತ್ತು ಝುಹ್ರಿಯ ಸ್ವಂತ ಪುಸ್ತಕ ಯಾವುದೂ ನಮ್ಮ ಕೈಗೆ ಬಂದಿಲ್ಲ, ಅವರ ಮಾತುಗಳು ಮುಂದಿನವರ ಪುಸ್ತಕಗಳೊಳಗೆ ಉಳಿದಿವೆ.

ಇಬ್ನ್ ಇಸ್ಹಾಕ್ ಕಥೆಯೂ ಸುಮಾರು ಹಾಗೇ. ಅವರು ಬರೆದ ದೊಡ್ಡ ಗ್ರಂಥ ಮೂಲ ರೂಪದಲ್ಲಿ ಉಳಿದಿಲ್ಲ. ಅವರು ಪಾಠ ಹೇಳಿದರು, ಶಿಷ್ಯರು ಬರೆದುಕೊಂಡರು, ಆ ಶಿಷ್ಯರಿಂದ ಮುಂದಿನವರಿಗೆ ಹೋಯಿತು. ಬಕ್ಕಾಈ ಎಂಬ ಶಿಷ್ಯನ ಪ್ರತಿಯನ್ನು ಇಟ್ಟುಕೊಂಡು ಈಜಿಪ್ಟಿನಲ್ಲಿ ನೆಲೆಸಿದ್ದ ಇಬ್ನ್ ಹಿಶಾಮ್ (ಮರಣ ಸುಮಾರು 833) ಅದನ್ನು ಸಂಪಾದಿಸಿದರು. ಸಲಮಾ ಎಂಬ ಇನ್ನೊಬ್ಬ ಶಿಷ್ಯನ ಪ್ರತಿಯಿಂದ ತಬರಿ (ಮರಣ 923) ತಮ್ಮ ಬೃಹತ್ ಇತಿಹಾಸಕ್ಕೆ ತುಂಬಾ ಭಾಗಗಳನ್ನು ಎತ್ತಿಕೊಂಡರು. ಒಂದೇ ಗ್ರಂಥ, ಎರಡು ದಾರಿ. ಓದುವವರಿಗೆ ಇದು ದೊಡ್ಡ ಅನುಕೂಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ವಾಕಿದಿ (ಮರಣ 823) ಮದೀನಾದವರು, ಆಮೇಲೆ ಬಾಗ್ದಾದಿಗೆ ಹೋದವರು. ಇಲ್ಲಿ ಹೇಳುತ್ತಿರುವ ಅವರ ಪುಸ್ತಕ ದಂಡಯಾತ್ರೆಗಳ ಬಗ್ಗೆ ಮಾತ್ರ, ಅದನ್ನು ತುಂಬಾ ವಿವರವಾಗಿ ಬರೆದರು. ಅವರ ಬರವಣಿಗೆಯ ಸಹಾಯಕನೇ ಇಬ್ನ್ ಸಅದ್ (ಮರಣ 845).

ವಿವರ ಜಾಸ್ತಿ ಇದ್ದರೆ ನಂಬಿಕೆ ಜಾಸ್ತಿಯಾ? ಖರ್ರಾರ್ ದಂಡಯಾತ್ರೆ

ಮೊದಲ ಸಲ ವಾಕಿದಿಯನ್ನು ಓದಿದವರು ಮರುಳಾಗುವುದು ಸಹಜ. ತಿಂಗಳು ಹೇಳುತ್ತಾರೆ, ಎಷ್ಟು ಜನ ಹೋದರು ಹೇಳುತ್ತಾರೆ, ಯಾವ ದಾರಿ ಹಿಡಿದರು ಹೇಳುತ್ತಾರೆ. ಇಬ್ನ್ ಹಿಶಾಮ್ ಅವರ ಪುಸ್ತಕ ಇದರ ಪಕ್ಕದಲ್ಲಿ ಬರೀ ಅಸ್ಥಿಪಂಜರ ಅನಿಸುತ್ತೆ. ಇಲ್ಲೇ ಎಚ್ಚರ ಬೇಕು.

ಖರ್ರಾರ್ ಎಂಬ ಜಾಗಕ್ಕೆ ಹೋದ ಒಂದು ಸಣ್ಣ ದಂಡಿನ ಕಥೆ ನೋಡಿ. ಇಬ್ನ್ ಇಸ್ಹಾಕ್ ಹೇಳುವುದು ಇಷ್ಟೇ: ಪ್ರವಾದಿಯವರು ಸಅದ್ ಬಿನ್ ಅಬೀ ವಕ್ಕಾಸ್ ಅವರನ್ನು ಮಕ್ಕಾದಿಂದ ಮದೀನಾಕ್ಕೆ ವಲಸೆ ಬಂದಿದ್ದ ಎಂಟು ಜನ ಮುಹಾಜಿರರ ಜೊತೆ ಕಳಿಸಿದರು, ಅವರು ಹಿಜಾಝಿನ ಖರ್ರಾರ್‌ವರೆಗೆ ಹೋದರು, ಯಾವ ಹೊಡೆದಾಟವೂ ಆಗದೆ ವಾಪಸ್ ಬಂದರು. ಮುಗೀತು.

ವಾಕಿದಿಯಲ್ಲಿ ಇದೇ ಕಥೆಗೆ ತಿಂಗಳು ಬರುತ್ತೆ, ಹಿಜರಿ ಮೊದಲ ವರ್ಷದ ದುಲ್‌ಕಅದಾ. ಕಥೆ ಹೇಳುವವರು ಸ್ವತಃ ಸಅದ್. ಪ್ರವಾದಿಯವರು ಅವರಿಗೆ, ಮಕ್ಕಾದ ಖುರೈಷ್ ಬುಡಕಟ್ಟಿನವರ ಒಂದು ವ್ಯಾಪಾರದ ಸಾರ್ಥ ಖರ್ರಾರ್ ಮೇಲೆ ಹಾದುಹೋಗುತ್ತೆ, ಹೋಗು ಅನ್ನುತ್ತಾರೆ. ಇಪ್ಪತ್ತು ಅಥವಾ ಇಪ್ಪತ್ತೊಂದು ಜನ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಹಗಲು ಅಡಗಿಕೊಂಡು, ರಾತ್ರಿ ನಡೆದು, ಐದನೇ ದಿನ ಬೆಳಿಗ್ಗೆ ತಲುಪುತ್ತಾರೆ. ಸಾರ್ಥ ಹಿಂದಿನ ದಿನವೇ ದಾಟಿ ಹೋಗಿರುತ್ತೆ. ಖರ್ರಾರ್ ದಾಟಬೇಡ ಅಂತ ಪ್ರವಾದಿಯವರು ಹೇಳಿದ್ದರು, ಇಲ್ಲದಿದ್ದರೆ ಬೆನ್ನಟ್ಟಿ ಹಿಡಿಯಲು ನೋಡುತ್ತಿದ್ದೆ ಅಂತ ಸಅದ್ ಹೇಳುತ್ತಾರೆ.

ಪೆಟ್ರಿಸಿಯಾ ಕ್ರೋನ್ ಎಂಬ ಇತಿಹಾಸಕಾರ್ತಿ 1987ರಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದ ಪ್ರಶ್ನೆ ಸರಳ. ಇಬ್ನ್ ಇಸ್ಹಾಕ್‌ಗೆ ಗೊತ್ತಿಲ್ಲದ ಇಷ್ಟೆಲ್ಲ ಸಂಗತಿ ಅವರಿಗಿಂತ ಅರ್ಧ ಶತಮಾನ ಆಮೇಲೆ ತೀರಿಕೊಂಡ ವಾಕಿದಿಗೆ ಎಲ್ಲಿಂದ ಬಂತು? ಕಾಲ ಕಳೆದಂತೆ ನೆನಪು ಸವೆಯಬೇಕು, ಇಲ್ಲಿ ಬೆಳೆದಿದೆ. ಒಂದು ತಲೆಮಾರಿನಲ್ಲಿ ಇಷ್ಟು ಬೆಳೆದಿದ್ದರೆ, ಘಟನೆಗೂ ಇಬ್ನ್ ಇಸ್ಹಾಕ್‌ಗೂ ನಡುವಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಎಷ್ಟು ಬೆಳೆದಿರಬಹುದು? ಅವರ ವಾದ ಇದು.

ಈ ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಇಬ್ನ್ ಇಸ್ಹಾಕ್‌ಗೆ ವಿವರ ಗೊತ್ತಿದ್ದೂ ಚಿಕ್ಕದು ಮಾಡಿ ಹೇಳಿರಬಹುದು. ವಾಕಿದಿ ಊರೂರು ತಿರುಗಿ, ಹಳೇ ಮನೆತನಗಳವರನ್ನು ಮಾತಾಡಿಸಿ ಸುದ್ದಿ ಕೂಡಿಹಾಕಿದವರು ಅಂತ ಪ್ರಸಿದ್ಧಿ. ಈ ಕಥೆ ಯಾರಿಂದ ಯಾರಿಗೆ ಬಂತು ಅನ್ನೋ ಸರಪಳಿಯನ್ನೇ ನೋಡಿ, ಅದು ಸಅದ್ ಅವರ ಮಗ ಆಮಿರ್ ಮೂಲಕ, ಅದೇ ಮನೆತನದ ಮುಂದಿನವರ ಮೂಲಕ ವಾಕಿದಿಗೆ ಬಂದಿದೆ. ಮನೆಯವರು ಅಜ್ಜನ ಕಥೆಯನ್ನು ಕಾಪಾಡಿಕೊಂಡು ಬಂದಿರಬಹುದು. ಆದರೆ ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಬರಿಗೈಲಿ ವಾಪಸ್ ಬಂದಿದ್ದಕ್ಕೆ ಅಲ್ಲಿ ಒಂದು ಕಾರಣ ಇದೆ, ಅಜ್ಜನ ಮರ್ಯಾದೆ ಉಳಿಸುವ ಕಾರಣ. ಮನೆತನದ ಸರಪಳಿಯಲ್ಲಿ ಇಂಥ ವಾಕ್ಯ ಕಂಡರೆ ನಾನು ಅಲ್ಲೇ ಪೆನ್ಸಿಲ್ಲಿಂದ ಗೆರೆ ಹಾಕುತ್ತೇನೆ. ಸುಳ್ಳು ಅಂತ ಅಲ್ಲ, ಹೇಳುವವರಿಗೆ ಇದರಿಂದ ಏನೋ ಲಾಭ ಇದೆ ಅಂತ.

ಹಾಗಾದರೆ ಗಟ್ಟಿಯಾಗಿ ಉಳಿಯುವುದು ಏನು? ಇಬ್ಬರೂ ಒಪ್ಪುವ ಭಾಗ: ಸಅದ್ ನಾಯಕತ್ವದ ಒಂದು ಸಣ್ಣ ಗುಂಪು, ಖರ್ರಾರ್, ಹೊಡೆದಾಟ ಇಲ್ಲ. ಎಂಟೋ ಇಪ್ಪತ್ತೊಂದೋ ಅನ್ನೋದು ತೀರ್ಮಾನ ಆಗುವ ವಿಷಯ ಅಲ್ಲ.

ಪ್ರವಾದಿಯವರ ನಡೆನುಡಿಯ ವರದಿಗಳನ್ನು, ಅಂದರೆ ಹದೀಸ್‌ಗಳನ್ನು, ಪರೀಕ್ಷಿಸುತ್ತಿದ್ದ ಹಳೆಯ ಹದೀಸ್ ವಿದ್ವಾಂಸರೂ ವಾಕಿದಿಯನ್ನು ಕಣ್ಣು ಮುಚ್ಚಿ ಒಪ್ಪಿದವರಲ್ಲ. ವಾಕಿದಿಯನ್ನು ಹದೀಸ್ ಸಂಗ್ರಹಕಾರ ಬುಖಾರಿ ಬಿಟ್ಟುಬಿಡಬೇಕಾದ ವರದಿಗಾರರ ಪಟ್ಟಿಗೆ ಸೇರಿಸಿದರು. ಧರ್ಮಶಾಸ್ತ್ರಜ್ಞ ಶಾಫಿಈ ಅಂತೂ ವಾಕಿದಿಯ ಪುಸ್ತಕಗಳೇ ಸುಳ್ಳು ಅಂದರು ಎಂದು ದಾಖಲಾಗಿದೆ. ಇಬ್ನ್ ಇಸ್ಹಾಕ್ ವಿಷಯದಲ್ಲಿ ಜಗಳ ಇನ್ನೂ ಜೋರು: ಇಬ್ನ್ ಇಸ್ಹಾಕರನ್ನು ಮದೀನಾದ ವಿದ್ವಾಂಸ ಮಾಲಿಕ್ ದಜ್ಜಾಲ್, ಅಂದರೆ ಮಹಾ ವಂಚಕ, ಅಂತ ಬೈದರು, ಬಸ್ರಾದ ವಿದ್ವಾಂಸ ಶುಅಬಾ ತಲೆ ಮೇಲೆ ಹೊತ್ತುಕೊಂಡರು. ಅಹ್ಮದ್ ಬಿನ್ ಹಂಬಲ್ ಮಧ್ಯದ ದಾರಿ ಹಿಡಿದರು. ದಂಡಯಾತ್ರೆಯಂಥ ಸುದ್ದಿಗೆ ಇವರು ಆಗಬಹುದು, ಹಲಾಲ್ ಹರಾಮ್ ವಿಷಯ ಬಂದಾಗ ಇನ್ನೂ ಗಟ್ಟಿ ಜನ ಬೇಕು ಅನ್ನೋ ಅರ್ಥದ ಮಾತು ಅವರದು. ಅಂದರೆ ಯಾವ ಕೆಲಸಕ್ಕೆ ಎಷ್ಟು ಗಟ್ಟಿಯ ಸಾಕ್ಷಿ ಬೇಕು ಅನ್ನೋ ಲೆಕ್ಕ ಒಂಬತ್ತನೇ ಶತಮಾನದಲ್ಲೇ ನಡೆಯುತ್ತಿತ್ತು. ಈಗಿನ ಇತಿಹಾಸಕಾರರು ಮಾತ್ರ ಮೂಲ ವಿಮರ್ಶೆ ಮಾಡಿದರು, ಹಳಬರು ಸುಮ್ನೆ ನಂಬಿದರು ಅನ್ನೋದು ತಪ್ಪು.

ಸಂಪಾದಕ ಏನು ಬಿಟ್ಟ? ಬದ್ರ್‌ನ ಕೈದಿ ಅಬ್ಬಾಸ್

ಇಬ್ನ್ ಹಿಶಾಮ್ ತುಂಬಾ ಪ್ರಾಮಾಣಿಕ ಸಂಪಾದಕ. ಪುಸ್ತಕದ ಶುರುವಿನಲ್ಲೇ ತಾನು ಏನೇನು ಬಿಟ್ಟಿದ್ದೇನೆ ಅಂತ ಹೇಳುತ್ತಾರೆ: ಪ್ರವಾದಿಯವರಿಗೆ ಸಂಬಂಧವಿಲ್ಲದ ಸಂಗತಿ, ಬಲ್ಲವರು ಯಾರೂ ಕೇಳಿರದ ಪದ್ಯ, ಬಾಯಲ್ಲಿ ಹೇಳಲಾಗದ ಮಾತು, ಕೆಲವರ ಮನಸ್ಸು ನೋಯಿಸುವಂಥದ್ದು, ಬಕ್ಕಾಈ ಖಾತ್ರಿ ಕೊಡದೇ ಇದ್ದದ್ದು. ತಮ್ಮ ಸೇರ್ಪಡೆಗಳನ್ನೂ "ಇಬ್ನ್ ಹಿಶಾಮ್ ಹೇಳುತ್ತಾನೆ" ಅಂತ ಹೆಸರು ಹಾಕಿಯೇ ಸೇರಿಸುತ್ತಾರೆ.

ಆದರೂ ಬಿಟ್ಟಿದ್ದು ಬಿಟ್ಟಿದ್ದೇ ಅಲ್ವಾ? ಅದು ಗೊತ್ತಾಗಬೇಕಾದರೆ ತಬರಿ ಬೇಕು. ಬದ್ರ್ ಯುದ್ಧ ನಡೆದಿದ್ದು 624ರಲ್ಲಿ. ಪ್ರವಾದಿಯವರ ಚಿಕ್ಕಪ್ಪ ಅಬ್ಬಾಸ್ ಆಗ ಮಕ್ಕಾದವರ ಕಡೆ ಇದ್ದರು. ಇಬ್ನ್ ಹಿಶಾಮ್‌ನಲ್ಲಿ, ಅಬ್ಬಾಸ್ ಎದುರಾದರೆ ಕೊಲ್ಲಬೇಡಿ, ಅವರನ್ನು ಬಲವಂತದಿಂದ ಕರೆತಂದಿದ್ದಾರೆ ಅನ್ನೋ ಪ್ರವಾದಿಯವರ ಮಾತು ಇದೆ. ಆಮೇಲೆ ಅವರು ಏನಾದರು? ಕೈದಿಗಳ ಪಟ್ಟಿ ತೆಗೆದು ನೋಡಿದರೆ ಹಾಶಿಮ್ ಮನೆತನದಲ್ಲಿ ಅಕೀಲ್, ನೌಫಲ್ ಹೆಸರು ಸಿಗುತ್ತವೆ, ಅಬ್ಬಾಸ್ ಹೆಸರಿಲ್ಲ.

ಅದೇ ಇಬ್ನ್ ಇಸ್ಹಾಕ್, ಸಲಮಾ ದಾರಿಯಲ್ಲಿ ತಬರಿಗೆ ಬಂದಾಗ ಕಥೆ ಪೂರ್ತಿ ಇದೆ. ಅಬುಲ್ ಯಸರ್ ಎಂಬ ಸಣ್ಣ ಆಳ್ತನದ ಮನುಷ್ಯ ಅಬ್ಬಾಸ್ ಅವರನ್ನು ಸೆರೆ ಹಿಡಿಯುತ್ತಾನೆ. ಮದೀನಾಕ್ಕೆ ತಂದ ಮೇಲೆ ಬಿಡುಗಡೆ ಹಣ ಕಟ್ಟು ಅಂತ ಪ್ರವಾದಿಯವರು ಹೇಳುತ್ತಾರೆ. ನಾನು ಮುಸ್ಲಿಮನೇ ಆಗಿದ್ದೆ, ಜನ ಬಲವಂತ ಮಾಡಿದರು ಅಂತ ಅಬ್ಬಾಸ್. ಅದು ಅಲ್ಲಾಹನಿಗೆ ಗೊತ್ತು, ಮೇಲ್ನೋಟಕ್ಕಂತೂ ನೀವು ನಮ್ಮ ವಿರುದ್ಧ ಇದ್ದಿರಿ, ಹಣ ಕಟ್ಟಿ ಅಂತ ಉತ್ತರ. ಹಣ ಇಲ್ಲ ಅಂದಾಗ, ಹೊರಡುವಾಗ ಹೆಂಡತಿ ಉಮ್ಮುಲ್ ಫದ್ಲ್ ಹತ್ತಿರ ಇಟ್ಟು ಬಂದ ಹಣ ಎಲ್ಲಿ ಅಂತ ಪ್ರಶ್ನೆ ಬರುತ್ತೆ.

ಯಾಕೆ ಈ ವ್ಯತ್ಯಾಸ? ಈ ಪುಸ್ತಕಗಳೆಲ್ಲ ಸಿದ್ಧವಾದದ್ದು ಅಬ್ಬಾಸಿ ಖಲೀಫರ ಕಾಲದಲ್ಲಿ. ಆ ರಾಜಮನೆತನದ ಮೂಲಪುರುಷನೇ ಈ ಅಬ್ಬಾಸ್. ಮೂಲಪುರುಷ ಬದ್ರ್‌ನಲ್ಲಿ ಎದುರು ಪಕ್ಷದ ಕೈದಿಯಾಗಿದ್ದ ಅನ್ನೋದು ಯಾರಿಗೂ ಖುಷಿ ಕೊಡುವ ಸುದ್ದಿಯಲ್ಲ. ಇಬ್ನ್ ಹಿಶಾಮೇ ತೆಗೆದರೋ, ಬಕ್ಕಾಈ ಪ್ರತಿಯಲ್ಲೇ ಇರಲಿಲ್ಲವೋ, ಎರಡೂ ಸಾಧ್ಯ. ಆದರೆ ಇತಿಹಾಸಕಾರರು ಇಲ್ಲಿ ಒಂದು ಸೂತ್ರ ಬಳಸುತ್ತಾರೆ: ಆಳುವವರಿಗೆ ಮುಜುಗರ ತರುವ ಸಂಗತಿ, ಅವರ ಆಳ್ವಿಕೆಯಲ್ಲೇ ಬರೆದ ಪುಸ್ತಕದಲ್ಲಿ ಉಳಿದುಕೊಂಡಿದ್ದರೆ, ಅದನ್ನು ಯಾರೋ ಹೊಸದಾಗಿ ಕಟ್ಟಿದ್ದು ಅನ್ನೋದು ಕಷ್ಟ. ಅಬ್ಬಾಸ್ ಕೈದಿಯಾಗಿದ್ದರು ಅನ್ನೋ ಮೂಲ ಸಂಗತಿಗೆ ಹೀಗೆ ಬಲ ಬರುತ್ತೆ. ಮುಸ್ಲಿಮನೇ ಆಗಿದ್ದೆ ಅನ್ನೋ ಮಾತಿಗೆ ಅಷ್ಟು ಬಲ ಇಲ್ಲ, ಅದು ಆ ಮನೆತನಕ್ಕೆ ಬೇಕಾದ ಮಾತು.

ತಬರಿಯ ಗುಣವೇ ಇದು. ಒಂದೇ ಘಟನೆಗೆ ಎರಡು ಮೂರು ರೂಪ ಸಿಕ್ಕರೆ ಎಲ್ಲವನ್ನೂ ಸರಪಳಿ ಸಮೇತ ಇಡುತ್ತಾರೆ. ಓದುಗರಿಗೆ ಯಾವುದಾದರೂ ಸುದ್ದಿ ಒಪ್ಪಿಗೆಯಾಗದಿದ್ದರೆ ಅದು ನನ್ನಿಂದ ಬಂದದ್ದಲ್ಲ, ನನಗೆ ತಲುಪಿಸಿದವರಿಂದ ಬಂದದ್ದು ಅಂತ ಮುನ್ನುಡಿಯಲ್ಲೇ ಹೇಳುತ್ತಾರೆ.

ಸರಪಳಿಯನ್ನು ಪರೀಕ್ಷಿಸುವುದು ಹೇಗೆ? ಆಯಿಶಾ ಅವರ ಹಾರ

ಇಸ್ನಾದ್ ಅಂದರೆ ಯಾರಿಂದ ಯಾರಿಗೆ ಸುದ್ದಿ ಬಂತು ಅನ್ನೋ ಹೆಸರುಗಳ ಸರಪಳಿ. ಇದನ್ನು ಕಟ್ಟುಕಥೆಗೆ ಆಮೇಲೆ ಅಂಟಿಸಬಹುದು ಅಂತ ಜೋಸೆಫ್ ಶಾಖ್ಟ್ 1950ರಲ್ಲಿ ವಾದಿಸಿದರು. ಅಂಟಿಸಬಹುದು, ನಿಜ. ಹಾಗಂತ ಎಲ್ಲವನ್ನೂ ಬಿಸಾಡಬೇಕಾ? ಜರ್ಮನ್ ಪರಂಪರೆಯ ವಿದ್ವಾಂಸರು, ಮುಖ್ಯವಾಗಿ ಹರಾಲ್ಡ್ ಮೊಟ್ಸ್ಕಿ ಮತ್ತು ಗ್ರೆಗೊರ್ ಶೋಲರ್, ಒಂದು ತಾಳ್ಮೆಯ ದಾರಿ ತೋರಿಸಿದರು. ಒಂದು ಕಥೆಯ ಸಿಕ್ಕಷ್ಟೂ ರೂಪಗಳನ್ನು ಒಟ್ಟು ಮಾಡಿ, ಸರಪಳಿಗಳು ಎಲ್ಲಿ ಸೇರುತ್ತವೆ ನೋಡಿ, ಆಮೇಲೆ ಕಥೆಯ ಮಾತುಗಳೂ ಅದೇ ರೀತಿ ಕವಲಾಗಿವೆಯಾ ಅಂತ ಹೋಲಿಸುವುದು. ಎರಡೂ ತಾಳೆಯಾದರೆ ಸರಪಳಿ ಬರೀ ಅಲಂಕಾರ ಅಲ್ಲ ಅಂತ ಅರ್ಥ.

ಶೋಲರ್ ಆರಿಸಿಕೊಂಡ ಕಥೆಗಳಲ್ಲಿ ಒಂದು ಆಯಿಶಾ ಅವರ ಮೇಲೆ ಬಂದ ಅಪವಾದದ್ದು. ದಂಡಿನ ಜೊತೆ ವಾಪಸ್ ಬರುವಾಗ ಅವರ ಹಾರ ಕಳೆದುಹೋಗುತ್ತೆ, ಹುಡುಕಲು ಹೋದಾಗ ದಂಡು ಹೊರಟುಬಿಡುತ್ತೆ, ಹಿಂದೆ ಉಳಿದಿದ್ದ ಸಫ್ವಾನ್ ಎಂಬುವರು ಒಂಟೆ ಮೇಲೆ ಕರೆತರುತ್ತಾರೆ, ಊರಲ್ಲಿ ಗುಸುಗುಸು ಶುರುವಾಗುತ್ತೆ. ಕೊನೆಗೆ ಅವರು ನಿರ್ದೋಷಿ ಅಂತ ಖುರ್‌ಆನ್ ವಚನ ಇಳಿಯುತ್ತೆ. ಈ ಕಥೆ ಉರ್ವಾ ಅವರಿಂದ ಎರಡು ಮುಖ್ಯ ದಾರಿಯಲ್ಲಿ ಬಂದಿದೆ. ಒಂದು ಝುಹ್ರಿ, ಇನ್ನೊಂದು ಉರ್ವಾ ಅವರ ಮಗ ಹಿಶಾಮ್. ಝುಹ್ರಿಯದು ಉದ್ದ, ನಾಲ್ಕು ಜನರಿಂದ ಕೇಳಿದ್ದನ್ನು ಸೇರಿಸಿ ಹೇಳುತ್ತಿದ್ದೇನೆ ಅಂತ ಅವರೇ ಹೇಳುತ್ತಾರೆ. ಹಿಶಾಮ್‌ದು ಚಿಕ್ಕದು, ಶುರುವೇ ಬೇರೆ ಕಡೆಯಿಂದ ಆಗುತ್ತೆ. ಒಬ್ಬರು ಇನ್ನೊಬ್ಬರನ್ನು ನಕಲು ಮಾಡಿಲ್ಲ ಅನ್ನೋದು ಓದಿದರೇ ಗೊತ್ತಾಗುತ್ತೆ. ಆದರೂ ಎರಡರಲ್ಲೂ ಒಂದು ಪುಟ್ಟ ಸಂಗತಿ ಇದೆ: ದುಃಖದಲ್ಲಿದ್ದ ಆಯಿಶಾ, ಯೂಸುಫರ ತಂದೆ ಹೇಳಿದ ಹಾಗೆ ನಾನೂ ತಾಳ್ಮೆಯಿಂದ ಇರುತ್ತೇನೆ ಅನ್ನುತ್ತಾರೆ. ಹಿಶಾಮ್ ರೂಪದಲ್ಲಿ ಕಾರಣವೂ ಸಿಗುತ್ತೆ, ಆ ಹೊತ್ತಿಗೆ ಆ ತಂದೆಯ ಹೆಸರು ಯಾಕೂಬ್ ಅನ್ನೋದೇ ಅವರಿಗೆ ನೆನಪಾಗಲಿಲ್ಲ. ಇಂಥ ಸಣ್ಣ ವಿವರ ಎರಡು ಬೇರೆ ಬೇರೆ ಕವಲಲ್ಲಿ ಸಿಕ್ಕಾಗ, ಕವಲೊಡೆಯುವ ಮೊದಲೇ, ಅಂದರೆ ಉರ್ವಾ ಬಾಯಲ್ಲೇ ಕಥೆ ಹೀಗಿತ್ತು ಅಂತ ಹೇಳಬಹುದು.

ಇದರ ಮಿತಿಯನ್ನೂ ನೆನಪಿಡಬೇಕು. ಈ ದಾರಿ ನಮ್ಮನ್ನು ಉರ್ವಾವರೆಗೆ ತಲುಪಿಸುತ್ತೆ, ಘಟನೆಯವರೆಗಲ್ಲ. ಉರ್ವಾ ಹುಟ್ಟಿದ್ದು ಘಟನೆ ಆದ ಮೇಲೆ. ಅವರು ಚಿಕ್ಕಮ್ಮನಿಂದಲೇ ಕೇಳಿದ್ದಾರೆ ಅನ್ನೋದು ತುಂಬಾ ಸಂಭವನೀಯ, ಆದರೆ ಅಲ್ಲಿಂದ ಮುಂದೆ ಹೋಲಿಸಲು ಇನ್ನೊಂದು ಕವಲು ಸುಲಭಕ್ಕೆ ಸಿಗುವುದಿಲ್ಲ.

ಇದೇ ಕಥೆಯಲ್ಲಿ ಇನ್ನೊಂದು ತೊಡಕು ಇದೆ. ಬುಖಾರಿಯ ಹದೀಸ್ ಸಂಗ್ರಹದಲ್ಲಿರುವ ಝುಹ್ರಿ ರೂಪದಲ್ಲಿ, ಪ್ರವಾದಿಯವರು ಜನರ ಮುಂದೆ ನೋವು ಹೇಳಿಕೊಂಡಾಗ ಎದ್ದು ನಿಂತು ಮಾತಾಡುವವರು ಸಅದ್ ಬಿನ್ ಮುಆದ್, ಖರ್ರಾರ್‌ಗೆ ಹೋದ ಸಅದ್ ಅಲ್ಲ, ಮದೀನಾದ ಒಬ್ಬ ಮುಖಂಡ. ಆದರೆ ಅವರು ಖಂದಕ್ ಯುದ್ಧದಲ್ಲಿ ಗಾಯಗೊಂಡು, ಹಿಜರಿ 5ರ ಹೊತ್ತಿಗೆ ತೀರಿಕೊಂಡರು. ಇಬ್ನ್ ಇಸ್ಹಾಕ್ ಪ್ರಕಾರ ಅಪವಾದದ ಘಟನೆ ಹಿಜರಿ 6ರದ್ದು. ಸತ್ತವರು ಎದ್ದು ಮಾತಾಡಲು ಆಗುವುದಿಲ್ಲ. ಇಬ್ನ್ ಇಸ್ಹಾಕ್ ರೂಪ ತೆಗೆದರೆ ಅಲ್ಲಿ ಮಾತಾಡುವವರು ಉಸೈದ್ ಬಿನ್ ಹುದೈರ್! ವಾಕಿದಿಯಲ್ಲಿ ಘಟನೆಯ ದಿನಾಂಕ ಹಿಜರಿ 5ರ ಶಅಬಾನ್, ಖಂದಕ್‌ಗಿಂತ ಮುಂಚೆ. ಆಗ ಸಅದ್ ಬದುಕಿದ್ದರು, ತೊಡಕೇ ಇಲ್ಲ. ಹೆಸರು ತಪ್ಪೋ, ವರ್ಷ ತಪ್ಪೋ? ಹಳೇ ವಿದ್ವಾಂಸರೂ ಇದನ್ನು ಗಮನಿಸಿ ಚರ್ಚೆ ಮಾಡಿದ್ದಾರೆ. ನನಗೆ ಅನಿಸುವುದು, ವರ್ಷಗಳು ಕಥೆಯ ಜೊತೆ ಹುಟ್ಟಿದ್ದಲ್ಲ, ಆಮೇಲೆ ಕಥೆಗಳನ್ನು ಸಾಲಾಗಿ ಜೋಡಿಸುವಾಗ ಬಂದದ್ದು. ಹಾಗಾಗಿ ಈ ಪುಸ್ತಕಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ದಿನಾಂಕವನ್ನು. ವಾಕಿದಿಯ ದಿನಾಂಕಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ ಅನ್ನೋದು ನಿಜ. ಹೊಂದುವ ಹಾಗೆ ಲೆಕ್ಕ ಹಾಕಿದ್ದರಿಂದಲೂ ಹೊಂದಬಹುದು.

ಸರಪಳಿ ಇಲ್ಲದೆಯೂ ಗಟ್ಟಿ ನಿಂತದ್ದು

ಪ್ರವಾದಿಯವರು ಮದೀನಾದ ಗುಂಪುಗಳ ನಡುವೆ ಮಾಡಿಸಿದ ಒಪ್ಪಂದ ಪತ್ರವನ್ನು ಇಬ್ನ್ ಇಸ್ಹಾಕ್ ಯಾವ ಸರಪಳಿಯೂ ಇಲ್ಲದೆ ಕೊಡುತ್ತಾರೆ. ಹದೀಸ್ ಲೆಕ್ಕದಲ್ಲಿ ಇದು ದುರ್ಬಲ. ಆದರೆ ಕ್ರೋನ್‌ರಂಥ ಕಟ್ಟಾ ಸಂಶಯವಾದಿಗಳೂ ಇದನ್ನು ನಿಜವಾದ ಹಳೇ ದಾಖಲೆ ಅಂತ ಒಪ್ಪುತ್ತಾರೆ. ಅದರ ಭಾಷೆ ಹಳೆಯದು, ಕೆಲವು ಕಡೆ ಅರ್ಥವೇ ಆಗುವುದಿಲ್ಲ. ಯಹೂದಿ ಗುಂಪುಗಳನ್ನು ಒಪ್ಪಂದದ ಒಳಗೇ ಸೇರಿಸಿಕೊಳ್ಳುತ್ತೆ, ಖುರೈಷರಿಗೆ ವಿಶೇಷ ಸ್ಥಾನ ಕೊಡುವುದಿಲ್ಲ. ನೂರು ವರ್ಷ ಆಮೇಲೆ ಕೂತು ಇದನ್ನು ಕಟ್ಟುವವರು ಹೀಗೆ ಕಟ್ಟುತ್ತಿರಲಿಲ್ಲ. ಇತಿಹಾಸಕಾರರ ತಕ್ಕಡಿಗೂ ಹದೀಸ್ ವಿದ್ವಾಂಸರ ತಕ್ಕಡಿಗೂ ಇರುವ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತೆ.

ಹೊರಗಿನ ಸಾಕ್ಷಿಯೂ ಸ್ವಲ್ಪ ಇದೆ. ಸುಮಾರು 640ರಲ್ಲಿ ಥಾಮಸ್ ಎಂಬ ಕ್ರೈಸ್ತ ಪಾದ್ರಿ ಸಿರಿಯಾಕ್ ಭಾಷೆಯಲ್ಲಿ, 634ರಲ್ಲಿ ಗಾಝಾ ಹತ್ತಿರ ರೋಮನ್ನರಿಗೂ ಮುಹಮ್ಮದರ ಅರಬರಿಗೂ ಯುದ್ಧವಾಯಿತು ಅಂತ ಬರೆದಿದ್ದಾನೆ. ಅಷ್ಟು ಬೇಗ ಹೆಸರು ಸಿಗುವುದು ದೊಡ್ಡದು. ಆದರೆ ಖರ್ರಾರ್, ಬದ್ರ್, ಹಾರ, ಇವುಗಳ ಬಗ್ಗೆ ಇಂಥ ಬರಹಗಳು ಏನೂ ಹೇಳುವುದಿಲ್ಲ.

ಹಾಗಾದರೆ ಯಾವುದನ್ನು ಹಿಡಿಯಬೇಕು

ಮೊದಲ ಸಲ ಓದುವವರು ಇಬ್ನ್ ಹಿಶಾಮ್ ಹಿಡಿಯಿರಿ. ಹುಟ್ಟಿನಿಂದ ಕೊನೆಯವರೆಗೆ ಕಥೆ ಒಂದೇ ಓಟದಲ್ಲಿ ಸಿಗುತ್ತೆ. ಆಲ್ಫ್ರೆಡ್ ಗಿಯೋಮ್ 1955ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಇಬ್ನ್ ಹಿಶಾಮ್ ಸೇರಿಸಿದ ಟಿಪ್ಪಣಿಗಳನ್ನು ತೆಗೆದು ಕೊನೆಗೆ ಹಾಕಿದ್ದಾರೆ, ತಬರಿಯಲ್ಲಿ ಮಾತ್ರ ಉಳಿದಿರುವ ಭಾಗಗಳನ್ನು ಗುರುತು ಹಾಕಿ ಒಳಗೆ ಸೇರಿಸಿದ್ದಾರೆ. ಅಬ್ಬಾಸ್ ಕಥೆ ನಿಮಗೆ ಅಲ್ಲೇ ಸಿಗುತ್ತೆ. ಎಚ್ಚರ ಒಂದೇ: ಇದು ಇಬ್ನ್ ಇಸ್ಹಾಕ್ ಬರೆದ ಮೂಲವೇ ಅಂತ ತಿಳಿಯಬೇಡಿ, ಚೂರುಗಳಿಂದ ಮತ್ತೆ ಕಟ್ಟಿದ್ದು.

ಒಂದು ಘಟನೆಯನ್ನು ಕೆದಕಿ ನೋಡಬೇಕು ಅನ್ನುವವರಿಗೆ ತಬರಿಗಿಂತ ಒಳ್ಳೆಯದಿಲ್ಲ. ಇಂಗ್ಲಿಷ್ ಅನುವಾದದ 6ರಿಂದ 9ನೇ ಸಂಪುಟ ಪ್ರವಾದಿಯವರ ಕಾಲದ್ದು. ಪೂರ್ತಿ ಓದಲು ಹೋದರೆ ಸುಸ್ತಾಗುತ್ತೆ, ಬೇಕಾದ ಘಟನೆಯನ್ನಷ್ಟೇ ತೆಗೆದು ಇಬ್ನ್ ಹಿಶಾಮ್ ಪಕ್ಕ ಇಟ್ಟುಕೊಂಡು ಓದಿ.

ವಾಕಿದಿಯನ್ನು ಎರಡನೆಯದಾಗಿ ಓದಿ, ಮೊದಲನೆಯದಾಗಿ ಬೇಡ. ದಂಡು ಹೇಗೆ ಹೊರಡುತ್ತಿತ್ತು, ಏನು ತಿನ್ನುತ್ತಿದ್ದರು, ಲೂಟಿ ಹೇಗೆ ಹಂಚುತ್ತಿದ್ದರು, ಇಂಥದ್ದಕ್ಕೆ ಅವರಷ್ಟು ಕೊಡುವವರು ಇಲ್ಲ. ಆ ಘಟನೆಯಲ್ಲಿ ಹಾಗೇ ಆಯಿತೋ ಇಲ್ಲವೋ, ಎಂಟನೇ ಶತಮಾನದ ಮದೀನಾದವರು ಅದನ್ನು ಹೇಗೆ ನೆನಪಿಟ್ಟುಕೊಂಡಿದ್ದರು ಅನ್ನೋದಕ್ಕೆ ಅದು ಒಳ್ಳೆಯ ಸಾಕ್ಷಿ.

ಜನರ ಬಗ್ಗೆ ಆಸಕ್ತಿ ಇದ್ದರೆ ಇಬ್ನ್ ಸಅದ್. ಪ್ರವಾದಿಯವರ ಉಡುಗೆ, ಉಂಗುರ, ಕೂದಲು, ಒಂಟೆಗಳ ಬಗ್ಗೆ ಸಿಕ್ಕ ಸಿಕ್ಕ ವರದಿಯೆಲ್ಲ ಅಲ್ಲಿದೆ, ಒಂದಕ್ಕೊಂದು ವಿರುದ್ಧವಾದವೂ ಸೇರಿ. ಪ್ರವಾದಿಯವರ ಸಂಗಾತಿಗಳಾದ ಸಹಾಬಿಗಳ ಒಬ್ಬೊಬ್ಬರ ಬದುಕೂ ಬರುತ್ತೆ, ಹೆಂಗಸರಿಗೇ ಒಂದು ಇಡೀ ಸಂಪುಟ ಇದೆ.

ಮಅಮರ್ ಪುಸ್ತಕ ಚಿಕ್ಕದು. ಶಿಷ್ಯ ಅಬ್ದುರ್ರಝಾಕ್ ಯೆಮನ್‌ನಲ್ಲಿ ಅದನ್ನು ಉಳಿಸಿಕೊಂಡರು. ಕಥೆ ಕಾಲಕ್ರಮದಲ್ಲಿ ಸಾಗುವುದಿಲ್ಲ, ಹಾಗಾಗಿ ಹಿನ್ನೆಲೆ ಗೊತ್ತಿಲ್ಲದವರಿಗೆ ತಲೆಬುಡ ಅರ್ಥವಾಗಲ್ಲ. ಆದರೆ ಝುಹ್ರಿಯ ಪಾಠ ಇಬ್ನ್ ಇಸ್ಹಾಕ್ ಕೈಗೆ ಬೀಳದೆ ಬೇರೊಬ್ಬ ಶಿಷ್ಯನ ಮೂಲಕ ಬಂದರೆ ಹೇಗಿರುತ್ತೆ ಅಂತ ನೋಡಲು ಇದೇ ಬೇಕು. ಇಬ್ನ್ ಇಸ್ಹಾಕ್ ಏನು ಸೇರಿಸಿದರು, ಹೇಗೆ ಜೋಡಿಸಿದರು ಅನ್ನೋದು ಇವೆರಡನ್ನೂ ಪಕ್ಕ ಇಟ್ಟಾಗಲೇ ಕಣ್ಣಿಗೆ ಬೀಳೋದು. ಶುರು ಮಾಡುವುದಾದರೆ ಅಪವಾದದ ಕಥೆಯಿಂದಲೇ ಮಾಡಿ, ಅದು ಎರಡರಲ್ಲೂ ಇದೆ.